ಕೆಲಸದ ಅನುಭವವೇ ಇಲ್ಲ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್‌ಗೆ ದುಡ್ಡು ಹಾಕಬೇಕಾ?

ಎಂಟನೇ_ಸೆಮಿಸ್ಟರ್_ದಾಟಿದವಳು

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಯಿತು. ಕೆಲಸ ಇನ್ನೂ ಸಿಕ್ಕಿಲ್ಲ. ಯಂತ್ರದ ಡ್ರಾಯಿಂಗ್‌ಗಿಂತ ನಾಲ್ಕು ಜನರನ್ನು ಕೂಡಿಸಿಕೊಂಡು ಕೆಲಸ ಮುಗಿಸುವುದು ನನಗೆ ಚೆನ್ನಾಗಿ ಬರುತ್ತದೆ. ಕಾಲೇಜಿನ ಫೆಸ್ಟ್ ಎರಡು ವರ್ಷ ನಾನೇ ನೋಡಿಕೊಂಡೆ.

ಹೋದ ವಾರ ಒಂದು ತರಬೇತಿ ಸಂಸ್ಥೆಯಿಂದ ಫೋನ್ ಬಂತು. "ಪಿಎಂಪಿ ಕೋರ್ಸ್ ಸೇರಿಕೊಳ್ಳಿ, ಫ್ರೆಶರ್ ಆದರೂ ಪರವಾಗಿಲ್ಲ, ಕೊನೆಗೆ ಸರ್ಟಿಫಿಕೇಟ್ ಕೈಗೆ ಕೊಡ್ತೀವಿ" ಎಂದರು. ಅಪ್ಪ ಮುಂಗಡ ಕಟ್ಟಿಯೂ ಆಗಿದೆ. ಉಳಿದದ್ದು ಕಂತಿನಲ್ಲಿ. ಮೊದಲ ಕಂತಿಗೆ ಇನ್ನು ಹನ್ನೆರಡು ದಿನ ಇದೆ. ಕೊಟ್ಟ ದುಡ್ಡಿಗೆ ಇದು ತಕ್ಕದ್ದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಜುಳಾ_ಪಿಎಂಪಿ

ಖಂಡಿತ ಮಾಡಿಕೊಳ್ಳಿ! ಇದರಲ್ಲಿ ಯೋಚನೆ ಮಾಡೋದೇನಿದೆ? ನಾನು ಮಾಡಿದ ಮೇಲೆ ಒಂದೇ ವರ್ಷದಲ್ಲಿ ಬಡ್ತಿ ಸಿಕ್ಕಿತು. ಅದಕ್ಕೂ ಮೊದಲು ಮೀಟಿಂಗ್‌ನಲ್ಲಿ ನನ್ನ ಮಾತಿಗೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಓದುವುದು ಕಷ್ಟ, ಆದರೆ ನಾಲ್ಕು ತಿಂಗಳು ಬೆಳಗ್ಗೆ ಐದಕ್ಕೆ ಎದ್ದರೆ ಆಗುತ್ತದೆ.

ಗಡುವು_ಕಾಯುವವ

ಮಂಜುಳಾ ಮೇಡಂ, ನೀವು ಪರೀಕ್ಷೆ ಬರೆದಾಗ ಎಷ್ಟು ವರ್ಷದ ಅನುಭವ ಇತ್ತು?

ಮಂಜುಳಾ_ಪಿಎಂಪಿ

ಒಂಬತ್ತು ವರ್ಷ. ಯಾಕೆ?

ಗಡುವು_ಕಾಯುವವ

ಅಲ್ಲೇ ಇರುವುದು ವಿಷಯ. ಕೇಳಿದವರಿಗೆ ಒಂದು ದಿನದ ಅನುಭವವೂ ಇಲ್ಲ. ಅವರಿಗೆ ಪಿಎಂಪಿ "ಬೇಕಾ ಬೇಡವಾ" ಅನ್ನೋ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಆ ಪರೀಕ್ಷೆಗೆ ಅವರು ಕೂರುವ ಹಾಗೇ ಇಲ್ಲ. ನಾಲ್ಕು ವರ್ಷದ ಪದವಿ ಇದ್ದವರು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸಬೇಕು. ಅದರ ಜೊತೆಗೆ 35 ಗಂಟೆ ತರಬೇತಿ. ಇವೆರಡೂ ಇದ್ದರೆ ಮಾತ್ರ ಅರ್ಜಿ.

ಹಾಗಾದರೆ ಆ ಸಂಸ್ಥೆಯವರು ಕೊಡುವ ಸರ್ಟಿಫಿಕೇಟ್ ಯಾವುದು? 35 ಗಂಟೆ ಕೂತು ಕೇಳಿದ್ದಕ್ಕೆ ಹಾಜರಾತಿ ಪತ್ರ. ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ, ಸರ್ಟಿಫಿಕೇಟ್ ಕೊಡುತ್ತಾರೆ. ಆದರೆ ಅದು ಪಿಎಂಪಿ ಅಲ್ಲ. ಪಿಎಂಪಿ ಕೊಡುವುದು ಪಿಎಂಐ ಒಂದೇ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಸಂಸ್ಥೆ ಅದು. ಬೇರೆ ಯಾರೂ ಕೊಡುವಂತಿಲ್ಲ.

ಒಂದು ಸಮಾಧಾನ ಇದೆ. ಆ 35 ಗಂಟೆಗೆ ಅವಧಿ ಮುಗಿಯುವುದಿಲ್ಲ, ಮುಂದೆ ಅರ್ಜಿ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಪಾಠ ಹಳತಾಗುತ್ತದೆ. 2021ರ ಜನವರಿಯಲ್ಲಿ ಪರೀಕ್ಷೆಯ ವಿಷಯವನ್ನೇ ಬದಲಾಯಿಸಿದರು. ಅದಕ್ಕೂ ಮೊದಲು ಕೋರ್ಸ್ ಮುಗಿಸಿ ಅನುಭವಕ್ಕಾಗಿ ಕಾದು ಕೂತಿದ್ದ ನನ್ನ ಸಹೋದ್ಯೋಗಿಯೊಬ್ಬರು ಮತ್ತೆ ಮೊದಲಿಂದ ಓದಬೇಕಾಯಿತು.

ಸರ್ಟಿಫಿಕೇಟ್_ಸರದಾರ

ಇಷ್ಟೊಂದು ಹೆದರಿಸಬೇಡಿ ಸಾರ್. ಪ್ರಾಜೆಕ್ಟ್ ಮ್ಯಾನೇಜರ್ ಅಂತ ಹುದ್ದೆ ಇರಲೇಬೇಕು ಅಂತ ಪಿಎಂಐ ಎಲ್ಲೂ ಹೇಳಿಲ್ಲ. ಕಾಲೇಜಿನ ಫೈನಲ್ ಇಯರ್ ಪ್ರಾಜೆಕ್ಟ್, ಫೆಸ್ಟ್, ಎಲ್ಲ ಸೇರಿಸಿ ಬರೆದರೆ ತಿಂಗಳುಗಳು ತಾನಾಗಿ ಆಗುತ್ತವೆ. ಯಾರು ಬಂದು ನೋಡ್ತಾರೆ?

ಗಡುವು_ಕಾಯುವವ

ಮೊದಲನೆಯ ಮಾತು ಸರಿ. ಹುದ್ದೆಯ ಹೆಸರು ಮುಖ್ಯ ಅಲ್ಲ, ಮಾಡಿದ ಕೆಲಸ ಮುಖ್ಯ. ಎರಡನೆಯದು ತಪ್ಪು. ಓದಿನ ಭಾಗವಾಗಿ ಮಾಡಿದ ಪ್ರಾಜೆಕ್ಟ್ ಲೆಕ್ಕಕ್ಕಿಲ್ಲ. ಮನೆಯ ಮದುವೆ ಮಾಡಿಸಿದ್ದೂ ಲೆಕ್ಕಕ್ಕಿಲ್ಲ. ಅಲ್ಲದೆ ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನಡೆಸಿದ್ದರೂ ಅದು ಒಂದೇ ತಿಂಗಳು.

"ಯಾರು ನೋಡ್ತಾರೆ" ಅಂದಿರಿ. ಕೆಲವು ಅರ್ಜಿಗಳನ್ನು ಆಡಿಟ್‌ಗೆ ಆರಿಸುತ್ತಾರೆ. ನನ್ನದನ್ನೂ ಆರಿಸಿದ್ದರು. ಬರೆದ ಪ್ರತಿ ಪ್ರಾಜೆಕ್ಟ್‌ಗೂ ಆಗಿನ ಮೇಲಧಿಕಾರಿಯಿಂದ ಒಪ್ಪಿಗೆ ತರಬೇಕು, ಪದವಿ ಪತ್ರದ ಪ್ರತಿ ಕೊಡಬೇಕು. 90 ದಿನ ಸಮಯ. ಅದು ಮುಗಿಯುವವರೆಗೆ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಲು ಆಗಲ್ಲ. ಕೆಲಸ ಬಿಟ್ಟು ಹೋಗಿದ್ದ ಒಬ್ಬ ಮ್ಯಾನೇಜರ್‌ನನ್ನು ಹುಡುಕಲು ನನಗೆ ಐದು ವಾರ ಹಿಡಿಯಿತು, ಅದೂ ನಾನು ನಿಜವಾಗಿ ಮಾಡಿದ ಕೆಲಸಕ್ಕೆ. ಫೆಸ್ಟ್‌ಗೆ ಯಾರಿಂದ ತರುತ್ತೀರಿ?

ಕೊಟ್ಟು_ಕಲಿತವನು

ನನ್ನ ಕಥೆ ಹೇಳಿಬಿಡ್ತೀನಿ, ನಾಚಿಕೆ ಬಿಟ್ಟು. ನಾಲ್ಕು ವರ್ಷದ ಹಿಂದೆ ಇಂಥದ್ದೇ ಕೋರ್ಸ್ ಮಾಡಿದೆ. ಕೊನೆಗೆ ದಪ್ಪ ಕಾಗದದಲ್ಲಿ ಸರ್ಟಿಫಿಕೇಟ್ ಕೊಟ್ಟರು, ಬಂಗಾರದ ಬಣ್ಣದ ಅಂಚು ಬೇರೆ. ಅದರ ಮೇಲೆ ಪಿಎಂಪಿ ಅಂತ ದೊಡ್ಡದಾಗಿ, "ತರಬೇತಿ" ಅಂತ ಸಣ್ಣದಾಗಿ ಇತ್ತು. ನಾನು ರೆಸ್ಯೂಮೆಯಲ್ಲಿ "ಪಿಎಂಪಿ ಸರ್ಟಿಫೈಡ್" ಅಂತ ಹಾಕಿದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಒಂದು ಇಂಟರ್‌ವ್ಯೂನಲ್ಲಿ ಎದುರಿಗೆ ಕೂತಿದ್ದವರು ಏನೂ ಹೇಳದೆ ಲ್ಯಾಪ್‌ಟಾಪ್ ತೆಗೆದು ಪಿಎಂಐ ವೆಬ್‌ಸೈಟಿನ ರಿಜಿಸ್ಟ್ರಿಯಲ್ಲಿ ನನ್ನ ಹೆಸರು ಹುಡುಕಿದರು. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಹೆಸರು ಇರಲಿಲ್ಲ. ಅಷ್ಟೇ, ಮುಂದಿನ ಪ್ರಶ್ನೆಯೇ ಬರಲಿಲ್ಲ. ಲಿಫ್ಟ್‌ನಲ್ಲಿ ಇಳಿಯುವಾಗ ಆದ ಅವಮಾನ ಇವತ್ತಿಗೂ ಮರೆತಿಲ್ಲ.

ನೇಮಕಾತಿ_ಮೇಜಿನಿಂದ

ಆ ಹುಡುಕಾಟ ನಾವೂ ಮಾಡುತ್ತೇವೆ, ಎರಡು ನಿಮಿಷದ ಕೆಲಸ.

ನಮ್ಮ ಕಡೆಯಿಂದ ಇನ್ನೊಂದು ಮಾತು. ಜಾಹೀರಾತಿನಲ್ಲಿ "ಪಿಎಂಪಿ ಇದ್ದವರಿಗೆ ಆದ್ಯತೆ" ಅಂತ ನೋಡಿ ಫ್ರೆಶರ್‌ಗಳು ಇದು ನಮಗೂ ಅಂದುಕೊಳ್ಳುತ್ತಾರೆ. ಅದೇ ಜಾಹೀರಾತಿನ ಮೇಲಿನ ಸಾಲು ಓದಿ. ಐದೋ ಎಂಟೋ ವರ್ಷ ಅನುಭವ ಕೇಳಿರುತ್ತಾರೆ. ನಾವು ಮೊದಲು ಸೋಸುವುದು ವರ್ಷ ನೋಡಿ, ಸರ್ಟಿಫಿಕೇಟ್ ಆಮೇಲೆ. ನಿಮ್ಮ ರೆಸ್ಯೂಮೆ ಮೊದಲ ಜರಡಿಯಲ್ಲೇ ನಿಂತುಬಿಡುತ್ತದೆ.

ಅನುಭವ ಇಲ್ಲದವರನ್ನು ತೆಗೆದುಕೊಳ್ಳುವ ಹುದ್ದೆಗಳ ಹೆಸರೇ ಬೇರೆ. ಪ್ರಾಜೆಕ್ಟ್ ಕೋಆರ್ಡಿನೇಟರ್, ಪಿಎಂಒ ಅನಲಿಸ್ಟ್, ಪ್ಲಾನಿಂಗ್ ಅಸಿಸ್ಟೆಂಟ್, ಹೀಗೆ ಹುಡುಕಿ. ಅಲ್ಲಿ ಸಿಎಪಿಎಂ ಕಂಡರೆ ನಾನಂತೂ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಇಬ್ಬರು ಒಂದೇ ತರಹ ಕಂಡಾಗ ಅದೇ ತೂಕ ಆಗುತ್ತದೆ.

ಎಂಟನೇ_ಸೆಮಿಸ್ಟರ್_ದಾಟಿದವಳು

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಾದರು. ಸಿಎಪಿಎಂ ಅಂದರೆ ಪಿಎಂಪಿಯ ಚಿಕ್ಕದಾ? ಅದಕ್ಕೂ ಅನುಭವ ಬೇಕಾ? ಅದಕ್ಕೆ ಇದೇ ಕೋರ್ಸ್ ಸಾಕಾ?

ಗಡುವು_ಕಾಯುವವ

ಹೌದು, ಹೊಸಬರಿಗೆ ಅಂತ ಪಿಎಂಐ ಕೊಡುವ ಸರ್ಟಿಫಿಕೇಟ್ ಅದು. ಅನುಭವ ಬೇಡ. 23 ಗಂಟೆ ತರಬೇತಿ ಸಾಕು, ಅದನ್ನು ಯಾವ ದುಬಾರಿ ಸಂಸ್ಥೆಯಲ್ಲೂ ಮಾಡಬೇಕಾಗಿಲ್ಲ. ಕೋರ್ಸೆರಾದಲ್ಲಿ ಗೂಗಲ್‌ನವರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಇದೆ, ತಿಂಗಳ ಚಂದಾ ಲೆಕ್ಕ. ಅದರ ಗಂಟೆಗಳು ನಡೆಯುತ್ತವೆ. ಬೇಗ ಮುಗಿಸಿದಷ್ಟೂ ಖರ್ಚು ಕಡಿಮೆ. ಪರೀಕ್ಷೆ 3 ಗಂಟೆ, 150 ಪ್ರಶ್ನೆ. ಶುಲ್ಕ ನನಗೆ ಗೊತ್ತಿರುವ ಹಾಗೆ ಪಿಎಂಐ ಸದಸ್ಯರಿಗೆ 225 ಡಾಲರ್, ಉಳಿದವರಿಗೆ 300. ಕಟ್ಟುವ ದಿನ ಅವರ ಪುಟದಲ್ಲೇ ನೋಡಿಕೊಳ್ಳಿ. ನಿಮಗೆ ಫೋನ್ ಮಾಡಿದವರು ಕೇಳಿದ ಮೊತ್ತದ ಪಕ್ಕ ಇದನ್ನಿಟ್ಟು ನೋಡಿ.

ಆದರೆ ನೇಮಕಾತಿಯವರು ಹೇಳಿದ ಒಂದು ಅಂಕದ ಬಗ್ಗೆ ನನಗೆ ಅನುಮಾನ. ನಾನು ಪಿಎಂಒ, ಅಂದರೆ ಕಂಪನಿಯ ಎಲ್ಲ ಪ್ರಾಜೆಕ್ಟ್‌ಗಳ ಮೇಲೆ ಕಣ್ಣಿಡುವ ವಿಭಾಗ ನಡೆಸುತ್ತೇನೆ, ಕೋಆರ್ಡಿನೇಟರ್‌ಗಳನ್ನು ನಾನೇ ಆರಿಸುತ್ತೇನೆ. ಸಿಎಪಿಎಂ ಇದ್ದವರಿಗೂ ಇಲ್ಲದವರಿಗೂ ಒಂದೇ ಪ್ರಶ್ನೆ ಕೊಡುತ್ತೇನೆ. ಇಲ್ಲಿ ಹಾಕ್ತೀನಿ, ನೀವೇ ಮಾಡಿ ನೋಡಿ.

ಒಂದು ಆ್ಯಪ್ ಬಿಡುಗಡೆ ಮಾಡಬೇಕು. ವಿನ್ಯಾಸಕ್ಕೆ 3 ದಿನ. ಅದು ಮುಗಿದ ಮೇಲೆ ಎರಡು ಕೆಲಸ ಒಟ್ಟಿಗೆ ಶುರು. ಒಂದು ಕಡೆ ಕೋಡಿಂಗ್, 5 ದಿನ. ಇನ್ನೊಂದು ಕಡೆ ಟೆಸ್ಟಿಂಗ್‌ಗೆ ಬೇಕಾದ ಡೇಟಾ ಹೊಂದಿಸುವುದು, 2 ದಿನ. ಆ ಡೇಟಾವನ್ನು ಗ್ರಾಹಕರು ನೋಡಿ ಒಪ್ಪಬೇಕು, ಅದಕ್ಕೆ 4 ದಿನ. ಕೋಡಿಂಗ್ ಮತ್ತು ಒಪ್ಪಿಗೆ ಎರಡೂ ಆದ ಮೇಲೆ ಟೆಸ್ಟಿಂಗ್, 2 ದಿನ. ಮೇಲಿನವರು ಬಂದು "ಒಂದು ದಿನ ಮೊದಲೇ ಬೇಕು, ಬೇಕಾದರೆ ಇನ್ನೊಬ್ಬ ಪ್ರೋಗ್ರಾಮರ್ ಕೊಡ್ತೀನಿ" ಎನ್ನುತ್ತಾರೆ. ಏನು ಹೇಳುತ್ತೀರಿ?

ಎಂಟನೇ_ಸೆಮಿಸ್ಟರ್_ದಾಟಿದವಳು

ಕೋಡಿಂಗೇ ಎಲ್ಲಕ್ಕಿಂತ ದೊಡ್ಡದು. ಇನ್ನೊಬ್ಬರು ಬಂದರೆ 5 ದಿನದ್ದು 4 ದಿನ ಆಗುತ್ತದೆ. ಹೂಂ ಅನ್ನುತ್ತೇನೆ. ಸರಿನಾ?

ಸೈಟ್_ಸೀನಣ್ಣ

ತಂಗಿ, ಕೂಡಿಸಿ ನೋಡು. ಕೋಡಿಂಗ್ ದಾರಿಯಲ್ಲಿ 3, 5, 2, ಒಟ್ಟು 10 ದಿನ. ಡೇಟಾ ದಾರಿಯಲ್ಲಿ 3, 2, 4, 2, ಒಟ್ಟು 11. ಕೆಲಸ ಮುಗಿಯೋದು 11ಕ್ಕೆ. ಕೋಡಿಂಗ್ ಹುಡುಗರಿಗೆ ಈಗಲೇ ಒಂದು ದಿನ ಬಿಡುವು ಇದೆ. ನೀನು ಹೊಸಬನನ್ನು ತಂದು 4 ದಿನಕ್ಕೆ ಇಳಿಸಿದರೆ ಅವರು ಎರಡು ದಿನ ಸುಮ್ನೆ ಕೂರ್ತಾರೆ. ತಾರೀಕು ಒಂದು ಗಂಟೆಯೂ ಹಿಂದೆ ಬರಲ್ಲ.

ಇಡೀ ಪ್ರಾಜೆಕ್ಟ್ ಹಿಡಿದುಕೊಂಡು ಕೂತಿರೋದು ಗ್ರಾಹಕರ ಆ 4 ದಿನ. ಅದು ಯಾರೂ ಕೆಲಸ ಮಾಡದ ದಿನ. ಕಾಗದ ಯಾರದೋ ಮೇಜಿನ ಮೇಲೆ ಬಿದ್ದಿರುತ್ತೆ.

ನಮ್ಮ ಕಟ್ಟಡದ ಕೆಲಸದಲ್ಲಿ ದಿನಾ ಇದೇ ಗೋಳು. ನಾನು ಸೈಟ್ ಇಂಜಿನಿಯರ್ ಆಗಿ ಸೇರಿದಾಗ ಡ್ರಾಯಿಂಗ್‌ಗೆ ಒಪ್ಪಿಗೆ ಬರೋದು ತಡ ಆಗ್ತಿತ್ತು, ಬೈಗುಳ ಮಾತ್ರ ಕಬ್ಬಿಣ ಕಟ್ಟೋರಿಗೆ. ನಾನು ಒಂದು ನೋಟ್‌ಬುಕ್ ಇಟ್ಟೆ. ಡ್ರಾಯಿಂಗ್ ನಂಬರ್, ಕಳಿಸಿದ ದಿನ, ವಾಪಸ್ ಬಂದ ದಿನ, ಈಗ ಯಾರ ಹತ್ತಿರ ನಿಂತಿದೆ. ನಾಲ್ಕೇ ಕಾಲಂ. ಮೂರು ತಿಂಗಳಾದ ಮೇಲೆ ಒಂದು ಮೀಟಿಂಗ್‌ನಲ್ಲಿ ಅದನ್ನು ಬಿಚ್ಚಿಟ್ಟೆ. ಅವತ್ತೇ ನನ್ನನ್ನು ಪ್ಲಾನಿಂಗ್ ವಿಭಾಗಕ್ಕೆ ಹಾಕಿದರು. ಪ್ರಿಮಾವೆರಾ ಅನ್ನೋ ಪ್ಲಾನಿಂಗ್ ಸಾಫ್ಟ್‌ವೇರ್ ಕಲಿತದ್ದೆಲ್ಲ ಆಮೇಲೆ. ಸರ್ಟಿಫಿಕೇಟ್ ಇವತ್ತಿಗೂ ಇಲ್ಲ.

ಎಂಟನೇ_ಸೆಮಿಸ್ಟರ್_ದಾಟಿದವಳು

ಅಯ್ಯೋ, ಹೌದಲ್ವಾ. ಹಾಗಾದರೆ ಗ್ರಾಹಕರ 4 ದಿನವನ್ನು 2 ಮಾಡಿಸಿದರೆ ಎರಡು ದಿನ ಉಳಿಯುತ್ತದೆ.

ಗಡುವು_ಕಾಯುವವ

ಮತ್ತೆ ಕೂಡಿಸಿ. ಡೇಟಾ ದಾರಿ 9ಕ್ಕೆ ಇಳಿಯಿತು. ಕೋಡಿಂಗ್ ದಾರಿ 10 ಇದ್ದೇ ಇದೆ. ಉಳಿದದ್ದು ಒಂದೇ ದಿನ. ಮೇಲಿನವರು ಕೇಳಿದ್ದೂ ಅಷ್ಟೇ ಅನ್ನಿ. ಒಪ್ಪಿಗೆ 3 ದಿನದಲ್ಲಿ ಬಂದರೂ ಸಾಕಿತ್ತು.

ಪ್ರಶ್ನೆಯ ಎರಡನೇ ಅರ್ಧ ಈಗ. ಕೋಡಿಂಗ್ ಮಾಡುವವರು ಬಂದು "ನನ್ನದು 7 ದಿನ ಆಗುತ್ತೆ" ಎಂದರು. ಈಗ ಆ ದಾರಿ 12. ಇನ್ನು ಗ್ರಾಹಕರ ಬೆನ್ನು ಬಿದ್ದು ಉಪಯೋಗ ಇಲ್ಲ, ಒಪ್ಪಿಗೆ ಮರುದಿನವೇ ಬಂದರೂ 12 ದಿನವೇ. ನಿನ್ನೆವರೆಗೆ ಯಾರನ್ನು ಕಾಡುತ್ತಿದ್ದಿರೋ ಅವರನ್ನು ಬಿಟ್ಟು ಬೇರೆ ಕಡೆ ನೋಡಬೇಕು.

ಸಿಎಪಿಎಂ ಓದಿ ಬಂದವರು ಈ ಕೂಡಿಸುವ ಲೆಕ್ಕ ಚೆನ್ನಾಗಿ ಮಾಡುತ್ತಾರೆ, ಅದನ್ನು ನಾನು ಒಪ್ಪುತ್ತೇನೆ. ಅದಾದ ಮೇಲೆ ನಾನು ಇನ್ನೊಂದು ಕೇಳುತ್ತೇನೆ: "7 ದಿನ ಆಗುತ್ತೆ ಅಂತ ಅವರು ಯಾವ ದಿನ ಹೇಳಿದರು?" ಕೋಡಿಂಗ್‌ನ ಎರಡನೇ ದಿನ ಹೇಳಿದ್ದರೆ ಇನ್ನೊಬ್ಬ ಪ್ರೋಗ್ರಾಮರ್ ಬಂದು ಏನಾದರೂ ಮಾಡಬಹುದು. ಐದನೇ ದಿನ ಸಂಜೆ ಹೇಳಿದ್ದರೆ ತಾರೀಕು ಮುಂದೆ ಹೋಯಿತು ಅಂತ ಮೇಲಿನವರಿಗೆ ಫೋನ್ ಮಾಡುವುದೊಂದೇ ಉಳಿದಿರುವುದು. ಇದನ್ನು ತಾನಾಗಿ ಕೇಳುವವರನ್ನು ಅಲ್ಲೇ ತೆಗೆದುಕೊಳ್ಳುತ್ತೇನೆ. ಹೋದ ಸಲ ಹಾಗೆ ಸಿಕ್ಕ ಹುಡುಗ ಕಾಲೇಜಿನಲ್ಲಿದ್ದಾಗ ಕೇಟರಿಂಗ್‌ನಲ್ಲಿ ದುಡಿದವನು.

ನೇಮಕಾತಿ_ಮೇಜಿನಿಂದ

ಒಪ್ಪುತ್ತೇನೆ, ಆದರೆ ಸಾರ್, ನಿಮ್ಮ ಎದುರಿಗೆ ಆ ಹುಡುಗ ಬಂದು ಕೂತದ್ದು ನಮ್ಮಂಥವರ ಜರಡಿ ದಾಟಿದ ಮೇಲೆ ತಾನೇ? ನನ್ನ ಹತ್ತಿರ ಬಂದ ಕಾಗದದಲ್ಲಿ ಅವರ ಚುರುಕುತನ ಕಾಣುವುದಿಲ್ಲ, ಸಿಎಪಿಎಂ ಕಾಣುತ್ತದೆ. ಮೆಕ್ಯಾನಿಕಲ್ ಓದಿದವರು ಕೋಆರ್ಡಿನೇಟರ್ ಕೆಲಸಕ್ಕೆ ಅರ್ಜಿ ಹಾಕಿದರೆ "ಬೇರೇನೂ ಸಿಗದೆ ಇಲ್ಲಿ ಬಂದಿದ್ದಾರಾ" ಅಂತ ಮೊದಲು ಅನ್ನಿಸುತ್ತದೆ. ಆ ಒಂದು ಸಾಲು ಇದ್ದರೆ ಬೇಕಂತಲೇ ಈ ಕಡೆ ಬಂದವರು ಅಂತ ಗೊತ್ತಾಗುತ್ತದೆ.

ಗಡುವು_ಕಾಯುವವ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಫ್ರೆಶರ್ ರೆಸ್ಯೂಮೆಗಳನ್ನು ನಾನೇ ಓದುತ್ತೇನೆ, ಹಾಗಾಗಿ ನನಗೆ ಆ ಕಷ್ಟ ಗೊತ್ತಿಲ್ಲ. ಎಲ್ಲ ಕಡೆ ಹಾಗಿರಲ್ಲ.

ಸರ್ಟಿಫಿಕೇಟ್_ಸರದಾರ

ನೋಡಿದಿರಾ, ಕೊನೆಗೆ ಸರ್ಟಿಫಿಕೇಟೇ ಬೇಕಾಯ್ತು. ನಾನು ಹೇಳೋದು ಇಷ್ಟೇ, ಸಿಎಪಿಎಂ ಈಗಲೇ ಬರೆದುಬಿಡಿ, ಒಮ್ಮೆ ಪಾಸಾದರೆ ಜೀವನ ಪೂರ್ತಿ ಇರುತ್ತೆ. ಪಿಎಂಪಿಗೆ 35 ಗಂಟೆ ತರಬೇತಿಯೂ ಬೇಕಾಗಲ್ಲ. ಅದರ ಜೊತೆ ಸ್ಕ್ರಮ್ ಮಾಸ್ಟರ್, ಅಂದರೆ ತಂಡದ ಕೆಲಸ ಸರಾಗವಾಗಿ ಸಾಗುವಂತೆ ನೋಡಿಕೊಳ್ಳುವವರಿಗೆ ಇರುವ ಪಿಎಸ್‌ಎಂ-1 ಕೂಡ ಮಾಡಿ, ಅರ್ಹತೆ ಏನೂ ಕೇಳಲ್ಲ, ಒಂದು ಗಂಟೆಯಲ್ಲಿ 80 ಪ್ರಶ್ನೆ.

ಗಡುವು_ಕಾಯುವವ

ಎರಡನ್ನು ಬೆರೆಸಿಬಿಟ್ಟಿರಿ. ಅವಧಿ ಮುಗಿಯದೆ ಇರುವುದು ಪಿಎಸ್‌ಎಂ. ಅದರಲ್ಲಿ 85 ಪರ್ಸೆಂಟ್ ಬಂದರೆ ಮಾತ್ರ ಪಾಸು, ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೂ ಅಲ್ಲದೆ ಒಂದು ತಂಡದಲ್ಲೂ ಕೆಲಸ ಮಾಡದವರನ್ನು ಸ್ಕ್ರಮ್ ಮಾಸ್ಟರ್ ಮಾಡುವವರನ್ನು ನಾನು ನೋಡಿಲ್ಲ. ಸಿಎಪಿಎಂ ಇರುವುದು 3 ವರ್ಷ. ಅಷ್ಟರಲ್ಲಿ 15 ಪಿಡಿಯು, ಅಂದರೆ 15 ಗಂಟೆ ಮುಂದುವರಿದ ಕಲಿಕೆ ಮಾಡಿ, ಶುಲ್ಕ ಕಟ್ಟಿ ನವೀಕರಿಸಬೇಕು.

35 ಗಂಟೆ ಬೇಡ ಅನ್ನೋದು ನಿಜ, ಆದರೆ ಅರ್ಜಿ ಹಾಕುವ ದಿನ ಸಿಎಪಿಎಂ ಚಾಲ್ತಿಯಲ್ಲಿರಬೇಕು. ಇಲ್ಲೊಂದು ಸಿಕ್ಕು ಇದೆ, ಯಾರೂ ಹೇಳಲ್ಲ. ಇವರು ಈ ತಿಂಗಳು ಸಿಎಪಿಎಂ ಪಾಸಾದರು ಅಂದುಕೊಳ್ಳಿ. ಕೆಲಸ ಸಿಗಲು ಆರು ತಿಂಗಳು. ಮೊದಲ ಒಂದು ವರ್ಷ ಮೀಟಿಂಗ್ ಟಿಪ್ಪಣಿ ಬರೆಯುವುದು, ಎಕ್ಸೆಲ್ ತುಂಬುವುದು. ಅದನ್ನು ಮುನ್ನಡೆಸಿದ ಅನುಭವ ಅಂತ ಬರೆಯಲು ಮನಸ್ಸು ಒಪ್ಪಲ್ಲ. ಅಲ್ಲಿಗೆ 18 ತಿಂಗಳು ಹೋಯಿತು. ಅಲ್ಲಿಂದ 36 ತಿಂಗಳು ಎಣಿಸಿದರೆ ಒಟ್ಟು 54. ಸಿಎಪಿಎಂ 36ಕ್ಕೇ ಮುಗಿದಿರುತ್ತದೆ. ನವೀಕರಿಸದಿದ್ದರೆ ಆ ರಿಯಾಯಿತಿ ಕೈತಪ್ಪಿತು.

ಹಾಗಾಗಿ ಪಿಎಂಪಿಗೆ ಮೆಟ್ಟಿಲು ಅಂತ ಸಿಎಪಿಎಂ ಕೊಳ್ಳಬೇಡಿ. ಮುಂದಿನ ಆರು ತಿಂಗಳಲ್ಲಿ ಅದು ಒಂದು ಇಂಟರ್‌ವ್ಯೂ ಕೊಡಿಸುತ್ತದೆ ಅನ್ನಿಸಿದರೆ ಮಾತ್ರ ಕೊಳ್ಳಿ. ಅದು ತಿಳಿಯಲು ದುಡ್ಡು ಬೇಡ. ನೀವು ಅರ್ಜಿ ಹಾಕಬಲ್ಲ ಮೂವತ್ತು ಕೋಆರ್ಡಿನೇಟರ್ ಜಾಹೀರಾತು ಎದುರಿಗಿಟ್ಟುಕೊಂಡು ಎಷ್ಟರಲ್ಲಿ ಸಿಎಪಿಎಂ ಅಂತ ಬರೆದಿದೆ ಎಣಿಸಿ. ಎರಡು ಸಂಜೆಯ ಕೆಲಸ.

ಮಂಜುಳಾ_ಪಿಎಂಪಿ

ನಾನು ಪ್ರಶ್ನೆ ಸರಿಯಾಗಿ ಓದದೆ ಬರೆದುಬಿಟ್ಟೆ, ಕ್ಷಮಿಸಿ. ಒಂದು ವಿಷಯ ಮಾತ್ರ ಹೇಳ್ತೀನಿ. ಕೆಲಸ ಸಿಕ್ಕ ಮೊದಲ ದಿನದಿಂದ ಪ್ರಾಜೆಕ್ಟ್ ಹೆಸರು, ಶುರುವಾದ ಮತ್ತು ಮುಗಿದ ತಾರೀಕು, ನೀವು ಏನು ಮಾಡಿದಿರಿ, ಮ್ಯಾನೇಜರ್ ಯಾರು, ಬರೆದಿಟ್ಟುಕೊಳ್ಳಿ. ಮ್ಯಾನೇಜರ್‌ದು ಆಫೀಸಿನ ಮೇಲ್ ಅಲ್ಲ, ಸ್ವಂತದ್ದು ಕೇಳಿ ಇಟ್ಟುಕೊಳ್ಳಿ. ನಾನು ಒಂಬತ್ತು ವರ್ಷದ್ದನ್ನು ನೆನಪಿನಿಂದ ಬರೆಯಲು ಹೋಗಿ ಎರಡು ವಾರ ತಲೆ ಕೆಡಿಸಿಕೊಂಡೆ.

ಎಂಟನೇ_ಸೆಮಿಸ್ಟರ್_ದಾಟಿದವಳು

ಎಣಿಸಿದೆ. ಮೂವತ್ತು ಸಿಗಲಿಲ್ಲ, ಇಪ್ಪತ್ತಾರು ಸಿಕ್ಕವು. ಸಿಎಪಿಎಂ ಅಂತ ಇದ್ದದ್ದು ನಾಲ್ಕರಲ್ಲಿ. ಎಕ್ಸೆಲ್ ಅಂತ ಇಪ್ಪತ್ತೊಂದರಲ್ಲಿ! ಆ ನಾಲ್ಕೂ ದೊಡ್ಡ ಕಂಪನಿಗಳವು, ನನಗೆ ಬೇಕಾದಂಥವೇ. ಅದಕ್ಕೇ ಇನ್ನೂ ತೀರ್ಮಾನ ಆಗಿಲ್ಲ.

ತರಬೇತಿ ಸಂಸ್ಥೆಗೆ ಅಪ್ಪನೇ ಫೋನ್ ಮಾಡಿದರು. "ನನ್ನ ಮಗಳು ಇದಾದ ಮೇಲೆ ಪಿಎಂಪಿ ಪರೀಕ್ಷೆ ಬರೀಬಹುದಾ, ಮೇಲ್‌ನಲ್ಲಿ ಬರೆದು ಕೊಡಿ" ಎಂದರು. ಅವರು ಇನ್ನೂ ಕೊಟ್ಟಿಲ್ಲ. ಕಂತು ನಿಲ್ಲಿಸಿದ್ದೇವೆ.

ಕೊಟ್ಟು_ಕಲಿತವನು

ಮುಂಗಡ ವಾಪಸ್ ಕೊಡ್ತಾರಾ? ನನಗೆ ಕೊಡಲಿಲ್ಲ. ಬೇರೆ ಬ್ಯಾಚ್‌ಗೆ ಬದಲಾಯಿಸಿಕೊಡ್ತೀವಿ ಅಂದರು.

ಎಂಟನೇ_ಸೆಮಿಸ್ಟರ್_ದಾಟಿದವಳು

ನಮಗೂ ಅದನ್ನೇ ಅಂದಿದ್ದಾರೆ. ಸೋಮವಾರ ನೇರವಾಗಿ ಹೋಗ್ತಿದ್ದೇವೆ, ಏನಾಯಿತು ಅಂತ ಬಂದು ಬರೆಯುತ್ತೇನೆ.

ಸೈಟ್_ಸೀನಣ್ಣ

ಹೋಗುವಾಗ ರಸೀದಿಯ ಹಿಂಬದಿ ಓದಿಕೊಂಡು ಹೋಗು ತಂಗಿ. ಮುಂಗಡದ ಷರತ್ತು ಅಲ್ಲೇ ಸಣ್ಣಕ್ಷರದಲ್ಲಿ ಇರುತ್ತೆ. ಯಾರ ಹತ್ತಿರ ಮಾತಾಡಿದೆ, ಯಾವ ದಿನ, ಏನಂದರು, ಅದನ್ನೂ ನಾಲ್ಕು ಕಾಲಂನಲ್ಲಿ ಬರೆದಿಟ್ಕೋ.